ಭಾನುವಾರಕ್ಕೆ ಬಿದ್ದ ರಜೆ ಯಾರ ಲೆಕ್ಕಕ್ಕೆ?

2026ರ ಆಗಸ್ಟ್ 15 ಶನಿವಾರಕ್ಕೆ ಬೀಳುತ್ತದೆ. ಅದು ಆ ತಿಂಗಳ ಮೂರನೇ ಶನಿವಾರ. ಕರ್ನಾಟಕ ಸರ್ಕಾರದ ಕಚೇರಿಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ ಇರುವುದರಿಂದ, ವಿಧಾನಸೌಧದ ಗುಮಾಸ್ತರಿಗೆ ಸ್ವಾತಂತ್ರ್ಯ ದಿನಾಚರಣೆ ನಿಜಕ್ಕೂ ಒಂದು ದಿನದ ಬಿಡುವು ಕೊಡುತ್ತದೆ. ಬ್ಯಾಂಕಿನವರಿಗೂ ಅಷ್ಟೆ. ಕೋರಮಂಗಲದ ಕೇಂದ್ರೀಯ ಸದನದಲ್ಲಿ ಕೆಲಸ ಮಾಡುವವರ ಪಾಡು ಬೇರೆ. ಕೇಂದ್ರ ಸರ್ಕಾರದ ಆಡಳಿತ ಕಚೇರಿಗಳಿಗೆ 1985ರಿಂದಲೇ ವಾರಕ್ಕೆ ಐದು ದಿನ ಕೆಲಸ. ಶನಿವಾರ ಹೇಗಿದ್ದರೂ ಅವರು ಮನೆಯಲ್ಲೇ ಇರುತ್ತಾರೆ. ಅವರ ರಜಾಪಟ್ಟಿಯಲ್ಲಿ ಆಗಸ್ಟ್ 15 ಇರುತ್ತದೆ, ಕೈಗೆ ಮಾತ್ರ ಏನೂ ಬರುವುದಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಭಾನುವಾರ ಮಾತ್ರ ವಾರದ ರಜೆ ಇರುವ ಕಾರ್ಮಿಕನಿಗೆ ಲಾಭ, ಐದು ದಿನದ ವಾರವಿರುವ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಗೆ ನಷ್ಟ. ಒಂದೇ ಊರು, ಒಂದೇ ದೇಶದ ಒಂದೇ ಹಬ್ಬ.

ಇದೇ ಪ್ರಸಂಗ ನ್ಯೂಜಿಲೆಂಡಿನಲ್ಲಿ ನಡೆದರೆ ಯಾರಿಗೂ ನಷ್ಟವಿಲ್ಲ. ಅಲ್ಲಿಯ ರಾಷ್ಟ್ರೀಯ ದಿನ ವೈಟಾಂಗಿ ಡೇ. 1840ರಲ್ಲಿ ಮಾವೊರಿ ಮುಖಂಡರಿಗೂ ಬ್ರಿಟಿಷ್ ರಾಣಿಯ ಪ್ರತಿನಿಧಿಗಳಿಗೂ ಒಪ್ಪಂದವಾದ ಫೆಬ್ರವರಿ 6ರ ನೆನಪು ಅದು. 2027ರಲ್ಲಿ ಫೆಬ್ರವರಿ 6 ಶನಿವಾರ. ಸೋಮವಾರದಿಂದ ಶುಕ್ರವಾರದವರೆಗೆ ದುಡಿಯುವವರಿಗೆ ಸೋಮವಾರ, 8ನೇ ತಾರೀಖು, ಸಂಬಳ ಸಹಿತ ರಜೆ ಸಿಗುತ್ತದೆ. ಇದು ಯಾರೋ ಮಂತ್ರಿಗಳು ದೊಡ್ಡ ಮನಸ್ಸು ಮಾಡಿ ಆ ವರ್ಷದ ಮಟ್ಟಿಗೆ ಘೋಷಿಸುವುದಲ್ಲ. ಕಾಯ್ದೆಯಲ್ಲೇ ಬರೆದಿದೆ.

ಆದರೆ ಜರ್ಮನಿಯಲ್ಲಿ ಹೀಗಿಲ್ಲ. ಮೇ 1 ಭಾನುವಾರ ಬಂದರೆ ಸೋಮವಾರ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಹಾಗೆಂದು ಜರ್ಮನಿ ಕಾರ್ಮಿಕರನ್ನು ಕಡೆಗಣಿಸುವ ದೇಶವೇನಲ್ಲ. ಪಕ್ಕದ ಬೆಲ್ಜಿಯಂನಲ್ಲಿ ಮತ್ತೆ ರಜೆ ಮುಂದಕ್ಕೆ ಹೋಗುತ್ತದೆ. ಎರಡೂ ದೇಶಗಳಲ್ಲಿ ಕ್ರೈಸ್ತ ಹಬ್ಬಗಳೇ ಮುಖ್ಯ, ಎರಡೂ ಶ್ರೀಮಂತ, ಎರಡರಲ್ಲೂ ಕಾರ್ಮಿಕ ಸಂಘಗಳು ಬಲವಾಗಿವೆ. ಆದ್ದರಿಂದ ಇದನ್ನು ಧರ್ಮ, ಸಂಸ್ಕೃತಿ, ಸಿರಿತನ ಎಂದೆಲ್ಲ ವಿವರಿಸಲು ಹೊರಟರೆ ದಾರಿ ತಪ್ಪುತ್ತದೆ. ಉತ್ತರ ಇರುವುದು ಆಯಾ ದೇಶದ ಕಾನೂನು ರಜೆ ಎಂದರೆ ಏನೆಂದುಕೊಂಡಿದೆ ಎಂಬುದರಲ್ಲಿ.

ರಜೆ ಎಂಬುದನ್ನು ಎರಡು ರೀತಿ ನೋಡಬಹುದು. ಒಂದು, ಅದು ಪಂಚಾಂಗದ ಮೇಲಿನ ಗುರುತು: ಈ ತಾರೀಖು ಮುಖ್ಯವಾದದ್ದು, ಈ ದಿನ ಕೆಲಸ ನಿಲ್ಲಲಿ. ಹಾಗೆ ನೋಡಿದರೆ ಆ ತಾರೀಖು ಭಾನುವಾರ ಬಂದಾಗ ಕೆಲಸ ಆಗಲೇ ನಿಂತಿದೆ, ಕಾನೂನಿನ ಉದ್ದೇಶ ಈಡೇರಿದೆ, ಇನ್ನು ಕೊಡಬೇಕಾದದ್ದು ಏನೂ ಇಲ್ಲ. ಎರಡನೆಯದು, ಅದು ದುಡಿಯುವವನ ಖಾತೆಗೆ ವರ್ಷಕ್ಕೆ ಇಷ್ಟೆಂದು ಜಮೆಯಾಗುವ ದಿನ. ಹಾಗೆ ನೋಡಿದರೆ ಭಾನುವಾರಕ್ಕೆ ಬಿದ್ದ ರಜೆ ಜಮೆಯಾಗದೆ ಉಳಿದ ಬಾಕಿ. ಅದನ್ನು ಸೋಮವಾರ ಸಲ್ಲಿಸಬೇಕು. ಎಲ್ಲ ದೇಶಗಳಲ್ಲೂ ಈ ಎರಡು ಅರ್ಥಗಳು ಒಂದೇ ಹೆಸರಿನಡಿ ಬೆರೆತುಕೊಂಡಿವೆ. ಕಾನೂನು ಯಾವುದನ್ನು ಹಿಡಿದುಕೊಂಡಿತು ಎಂಬುದರ ಮೇಲೆ ಸೋಮವಾರದ ಹಣೆಬರಹ ನಿಂತಿದೆ.

ಸೋಮವಾರಕ್ಕೆ ದೂಡುವ ಈ ಪದ್ಧತಿಯ ಒಂದು ಹಳೆಯ ಬೇರು ಹುಡುಕಿದರೆ ಸಿಗುವುದು ಕಾರ್ಮಿಕ ಹೋರಾಟವಲ್ಲ, ಲಂಡನ್ನಿನ ಹುಂಡಿ ವ್ಯಾಪಾರ. 1871ರಲ್ಲಿ ಸರ್ ಜಾನ್ ಲಬಕ್ ಎಂಬ ಬ್ಯಾಂಕರು ಬ್ರಿಟಿಷ್ ಸಂಸತ್ತಿನಲ್ಲಿ ಬ್ಯಾಂಕ್ ಹಾಲಿಡೇಸ್ ಕಾಯ್ದೆಯನ್ನು ಪಾಸು ಮಾಡಿಸಿದರು. (ಇವರು ಬಿಡುವಿನಲ್ಲಿ ಇರುವೆ, ಜೇನುನೊಣಗಳನ್ನು ಅಭ್ಯಾಸ ಮಾಡುತ್ತಿದ್ದವರು, ಚಾರ್ಲ್ಸ್ ಡಾರ್ವಿನ್ನರ ನೆರೆಯವರು.) ಅಂದಿನ ತೊಡಕು ಹೀಗಿತ್ತು. ಹುಂಡಿಯ ಗಡುವು ಭಾನುವಾರವೋ ಕ್ರಿಸ್‌ಮಸ್ ದಿನವೋ ಬಂದರೆ ಹಣವನ್ನು ಅದರ ಹಿಂದಿನ ದಿನವೇ ತೆರಬೇಕಿತ್ತು. ಬೇರೆ ಯಾವುದೋ ದಿನ ಬ್ಯಾಂಕು ತಾನಾಗಿ ಬಾಗಿಲು ಹಾಕಿದರೆ ಅಂದು ಗಡುವು ಮುಗಿಯುವ ಹುಂಡಿಗಳೆಲ್ಲ ಪಾವತಿಯಾಗದೆ ತಿರಸ್ಕೃತವಾಗುವ ಅಪಾಯ. ಹೀಗಾಗಿ ಬ್ಯಾಂಕಿನವರಿಗೆ ಬಿಡುವೇ ಇರಲಿಲ್ಲ. ಲಬಕ್ ಕಾಯ್ದೆ ಕೆಲವು ದಿನಗಳನ್ನು ಗೊತ್ತುಮಾಡಿ, ಆ ದಿನ ಗಡುವು ಬಿದ್ದ ಹುಂಡಿಯನ್ನು ಮರುದಿನ ಸಲ್ಲಿಸಿದರೆ ಸಾಕು ಎಂದಿತು. ಹಿಂದಕ್ಕೆ ಎಳೆಯುತ್ತಿದ್ದ ಗಡುವನ್ನು ಮುಂದಕ್ಕೆ ತಳ್ಳಿದ್ದೇ ಅದರ ಜಾಣ್ಮೆ.

ಇಂಗ್ಲೆಂಡಿಗೆ ಗೊತ್ತುಮಾಡಿದ ನಾಲ್ಕು ದಿನಗಳಲ್ಲಿ ಮೂರು ಸೋಮವಾರಗಳೇ: ಈಸ್ಟರ್ ಮರುದಿನ, ವ್ಹಿಟ್ ಭಾನುವಾರದ ಮರುದಿನ, ಆಗಸ್ಟಿನ ಮೊದಲ ಸೋಮವಾರ. ಅವಕ್ಕೆ ವಾರಾಂತ್ಯದ ಭಯವೇ ಇಲ್ಲ. ನಾಲ್ಕನೆಯದು ಡಿಸೆಂಬರ್ 26. ಅದರ ಮುಂದೆ ಮಾತ್ರ 'ವಾರದ ದಿನವಾಗಿದ್ದರೆ' ಎಂಬ ಷರತ್ತು. ಅಂದರೆ ಭಾನುವಾರ ಬಂದರೆ ಆ ವರ್ಷ ಆ ರಜೆಯೇ ಇಲ್ಲ. ಇನ್ನು ನಾಲ್ಕೇ ವರ್ಷಕ್ಕೆ, 1875ರಲ್ಲಿ, ಡಿಸೆಂಬರ್ 26 ಭಾನುವಾರಕ್ಕೆ ಬೀಳಲಿತ್ತು. ಅದೇ ವರ್ಷ ಕಾಯ್ದೆಯನ್ನು ವಿಸ್ತರಿಸುವಾಗ, ಹಾಗಾದಾಗ ಸೋಮವಾರ 27ನೇ ತಾರೀಖನ್ನು ರಜೆ ಎಂದು ಸೇರಿಸಿದರು. ಶನಿವಾರದ ಮಾತನ್ನು ಯಾರೂ ಎತ್ತಲಿಲ್ಲ, ಏಕೆಂದರೆ ಶನಿವಾರ ಬ್ಯಾಂಕು ತೆರೆದಿರುತ್ತಿತ್ತು. ಇಂದು ಬ್ರಿಟನ್ನಿನಲ್ಲಿರುವ 1971ರ ಕಾಯ್ದೆಯಲ್ಲೂ ಬದಲಿ ದಿನದ ಮಾತು ಬರುವುದು ಭಾನುವಾರಕ್ಕೆ ಮಾತ್ರ. ಶನಿವಾರಕ್ಕೆ ಬಿದ್ದ ಬಾಕ್ಸಿಂಗ್ ಡೇಗೆ ಸೋಮವಾರ ಸಿಗುವುದು ರಾಜನ ಘೋಷಣೆಯಿಂದ.

ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಬ್ರಿಟನ್ ಎಂದರೆ ರಜೆಗಳ ಸ್ವರ್ಗ ಎಂಬ ಭಾವನೆಯಿದೆ. ಬ್ಯಾಂಕ್ ಹಾಲಿಡೇ ದಿನ ಮನೆಯಲ್ಲಿರುವ ಹಕ್ಕು ಅಲ್ಲಿನ ನೌಕರನಿಗೆ ಕಾನೂನಿನಿಂದ ಸಿಕ್ಕಿಲ್ಲ. ವಾರಕ್ಕೆ ಐದು ದಿನ ದುಡಿಯುವವನಿಗೆ ವರ್ಷಕ್ಕೆ 28 ದಿನ ಸಂಬಳದ ರಜೆ ಕೊಡಬೇಕು ಎಂದಿದೆ, ಬ್ಯಾಂಕ್ ಹಾಲಿಡೇಗಳನ್ನೂ ಆ 28ರೊಳಗೇ ಸೇರಿಸಿಕೊಳ್ಳಲು ಮಾಲೀಕನಿಗೆ ಅವಕಾಶವಿದೆ. ಹಾಗಾಗಿ ಬದಲಿ ಸೋಮವಾರ ಎಷ್ಟೋ ಜನರಿಗೆ ಹೆಚ್ಚುವರಿ ದಿನವಲ್ಲ, ತಮ್ಮದೇ ಲೆಕ್ಕದಿಂದ ಕಳೆಯುವ ದಿನ.

ರಜೆಯನ್ನು ದುಡಿಯುವವನ ಲೆಕ್ಕವೆಂದೇ ತಿಳಿದು, ಆ ತಿಳಿವಳಿಕೆಯನ್ನು ಕೊನೆಯವರೆಗೂ ಎಳೆದುಕೊಂಡು ಹೋದ ದೇಶ ನ್ಯೂಜಿಲೆಂಡ್. ಅಲ್ಲಿ ವರ್ಷಕ್ಕೆ ನಾಲ್ಕು ವಾರಗಳ ಸಂಬಳದ ರಜೆ ಬೇರೆ, ಸಾರ್ವಜನಿಕ ರಜೆಗಳು ಬೇರೆ. ಮೊದಲು ಸಾರ್ವಜನಿಕ ರಜೆಗಳು 11 ಇದ್ದವು. ಕೆಲವು ಯಾವಾಗಲೂ ಸೋಮವಾರವೇ ಬರುವಂಥವು. ಕ್ರಿಸ್‌ಮಸ್, ಬಾಕ್ಸಿಂಗ್ ಡೇ, ಹೊಸ ವರ್ಷದ ಎರಡು ದಿನ, ಇವು ವಾರಾಂತ್ಯಕ್ಕೆ ಬಿದ್ದರೆ ಮುಂದಕ್ಕೆ ಹೋಗುತ್ತಿದ್ದವು. ತಾರೀಖಿಗೇ ಅಂಟಿಕೊಂಡಿದ್ದದ್ದು ಎರಡೇ: ಫೆಬ್ರವರಿ 6ರ ವೈಟಾಂಗಿ ಡೇ ಮತ್ತು ಏಪ್ರಿಲ್ 25ರ ಆನ್ಜ್ಯಾಕ್ ಡೇ. ಎರಡನೆಯದು ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯಲ್ಲಿ ಇಳಿದ ಸೈನಿಕರ ಸ್ಮರಣೆಯ ದಿನ. ಅಂದು ನಸುಕಿನಲ್ಲಿ ಊರೂರಿನ ಸ್ಮಾರಕಗಳ ಬಳಿ ಜನ ಸೇರುತ್ತಾರೆ, ಬಹುತೇಕ ಅಂಗಡಿಗಳು ಮಧ್ಯಾಹ್ನ ಒಂದರವರೆಗೆ ತೆರೆಯುವುದಿಲ್ಲ. ಅಂಥ ದಿನವನ್ನು ಉದ್ದ ವಾರಾಂತ್ಯದ ಮೋಜಿಗಾಗಿ ಅತ್ತಿತ್ತ ಸರಿಸುವುದು ಅಲ್ಲಿನ ಬಹಳ ಜನರಿಗೆ ಸರಿ ಕಾಣುತ್ತಿರಲಿಲ್ಲ.

ಆಮೇಲೆ 2010 ಮತ್ತು 2011 ಬಂದವು. 2010ರಲ್ಲಿ ವೈಟಾಂಗಿ ಡೇ ಶನಿವಾರ, ಆನ್ಜ್ಯಾಕ್ ಡೇ ಭಾನುವಾರ. ಎರಡೂ ಹೋದವು. 2011ರಲ್ಲಿ ವೈಟಾಂಗಿ ಡೇ ಭಾನುವಾರ. ಆನ್ಜ್ಯಾಕ್ ಡೇ ಸೋಮವಾರವೇ ಬಂದಿತ್ತು, ಆದರೆ ಆ ವರ್ಷ ಈಸ್ಟರ್ ತಡವಾಗಿ, ಅದೇ ಏಪ್ರಿಲ್ 25 ಈಸ್ಟರ್ ಸೋಮವಾರವೂ ಆಗಿತ್ತು. ಎರಡು ರಜೆಗಳು ಒಂದೇ ದಿನದ ಮೇಲೆ ಕುಳಿತವು. ಹೀಗೆ ಸೋಮವಾರದಿಂದ ಶುಕ್ರವಾರ ದುಡಿಯುವ ನೌಕರನಿಗೆ ಸತತ ಎರಡು ವರ್ಷ 11ರ ಬದಲು 9 ದಿನ ಮಾತ್ರ ಸಿಕ್ಕಿತು. ಕಾನೂನು 11 ಎನ್ನುತ್ತದೆ, ಸಿಗುವುದು ಒಂಬತ್ತು ಎಂಬ ದೂರು ಹುಟ್ಟಿಕೊಂಡಿತು. ಲೇಬರ್ ಪಕ್ಷದ ಸಂಸದ ಡೇವಿಡ್ ಕ್ಲಾರ್ಕ್ ಖಾಸಗಿ ಮಸೂದೆ ತಂದರು. ಮಾಲೀಕರ ಖರ್ಚು ಹೆಚ್ಚುತ್ತದೆ ಎಂದು ಅಧಿಕಾರದಲ್ಲಿದ್ದ ನ್ಯಾಷನಲ್ ಪಕ್ಷ ವಿರೋಧಿಸಿತು. ಆದರೂ 2013ರಲ್ಲಿ ಮಸೂದೆ 61ಕ್ಕೆ 60 ಮತಗಳಿಂದ, ಕೂದಲೆಳೆಯ ಅಂತರದಲ್ಲಿ, ಗೆದ್ದಿತು. ಅದರ ಮೊದಲ ಫಲ 2015ರಲ್ಲಿ ಕಂಡಿತು: ಆನ್ಜ್ಯಾಕ್ ಡೇ ಶನಿವಾರ ಬಂದಾಗ 27ನೇ ತಾರೀಖು ಸೋಮವಾರ ರಜೆ.

ಸ್ಮರಣೆಯ ದಿನವನ್ನು ಸರಿಸಬಾರದು ಎಂಬ ಆಕ್ಷೇಪಕ್ಕೆ ಕಾಯ್ದೆ ಕೊಟ್ಟ ಉತ್ತರ ಚೊಕ್ಕವಾಗಿದೆ. ಅದು ಆನ್ಜ್ಯಾಕ್ ಡೇಯನ್ನು ಸರಿಸಲೇ ಇಲ್ಲ. ನಸುಕಿನ ಪ್ರಾರ್ಥನೆ, ಮುಚ್ಚಿದ ಅಂಗಡಿಗಳು ಎಲ್ಲ 25ನೇ ತಾರೀಖಿನಲ್ಲೇ ಉಳಿದವು. ಸರಿದದ್ದು ನೌಕರನ ಸಂಬಳದ ರಜೆ ಮಾತ್ರ. ಬೆರೆತುಹೋಗಿದ್ದ ಎರಡು ಅರ್ಥಗಳನ್ನು ಬಿಡಿಸಿಟ್ಟ ಕೂಡಲೇ ಜಗಳದ ಅರ್ಧ ಭಾಗ ಕರಗಿತು. ಉಳಿದರ್ಧ, ಅಂದರೆ ಖರ್ಚು ಯಾರದು ಎಂಬುದು, ಒಂದು ಮತದಿಂದ ತೀರ್ಮಾನವಾಯಿತು.

ಇನ್ನು ಲೆಕ್ಕ ಹೇಗೆ ನಡೆಯುತ್ತದೆ ನೋಡೋಣ. ವಾರಾಂತ್ಯ ಎಂದರೆ ಎಲ್ಲರಿಗೂ ಶನಿವಾರ, ಭಾನುವಾರವಲ್ಲ. ಆಸ್ಪತ್ರೆ, ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರ ವಾರವೇ ಬೇರೆ. ಅದಕ್ಕೇ ಕಾಯ್ದೆ ಕೇಳುವ ಪ್ರಶ್ನೆ ಒಂದೇ: ಆ ದಿನ ರಜೆ ಇಲ್ಲದಿದ್ದರೆ ನೀನು ಮಾಮೂಲಿಯಾಗಿ ಕೆಲಸಕ್ಕೆ ಬರುತ್ತಿದ್ದೆಯಾ? 2027ರ ಫೆಬ್ರವರಿ 6ರ ಶನಿವಾರವನ್ನೇ ತೆಗೆದುಕೊಳ್ಳಿ. ಸೋಮವಾರದಿಂದ ಶುಕ್ರವಾರ ಕಚೇರಿಗೆ ಹೋಗುವವರಿಗೆ ಶನಿವಾರ ಕೆಲಸದ ದಿನವಲ್ಲ, ಹಾಗಾಗಿ ಅವರ ವೈಟಾಂಗಿ ಡೇ ಸೋಮವಾರ 8ಕ್ಕೆ ಹೋಗುತ್ತದೆ. ಮಂಗಳವಾರದಿಂದ ಶನಿವಾರದವರೆಗೆ ಅಂಗಡಿಯಲ್ಲಿ ನಿಲ್ಲುವವರಿಗೆ ಶನಿವಾರ ಕೆಲಸದ ದಿನ. ಅವರ ರಜೆ ಶನಿವಾರವೇ. ಅಂದು ಮಾಲೀಕ ಕರೆಸಿ ಕೆಲಸ ಮಾಡಿಸಿಕೊಂಡರೆ ಒಂದೂವರೆ ಪಟ್ಟು ಕೂಲಿ ಕೊಟ್ಟು, ಬೇರೊಂದು ದಿನ ಸಂಬಳ ಸಹಿತ ರಜೆಯನ್ನೂ ಕೊಡಬೇಕು. ಶನಿವಾರ, ಸೋಮವಾರ ಎರಡೂ ದಿನ ದುಡಿಯುವವರಿಗೆ ಶನಿವಾರ ಮಾತ್ರ ರಜೆಯ ದಿನ, ಸೋಮವಾರ ಎಂದಿನ ಕೂಲಿ. ಎರಡೂ ದಿನದ ಲಾಭ ಯಾರಿಗೂ ಇಲ್ಲ.

ಗೊಂದಲ ಏಳುವುದೂ ಇಲ್ಲಿಯೇ. ಪಾಳಿಯಲ್ಲಿ ದುಡಿಯುವವರಿಗೆ ಈ ವಾರ ಶನಿವಾರ ಇದ್ದರೆ ಮುಂದಿನ ವಾರ ಇಲ್ಲ. ಅಂಥವರಿಗೆ 'ಮಾಮೂಲಿ ಕೆಲಸದ ದಿನ' ಯಾವುದು ಎಂಬುದು ಒಪ್ಪಂದ, ಪಾಳಿಪಟ್ಟಿ, ಹಿಂದಿನ ವಾರಗಳ ರೂಢಿ ಎಲ್ಲವನ್ನೂ ನೋಡಿ ತೀರ್ಮಾನವಾಗಬೇಕು. ಸಂಬಳದ ತಂತ್ರಾಂಶಕ್ಕೆ ತಾರೀಖು ಒಂದನ್ನೇ ಊಡಿದ್ದರೆ ತಪ್ಪು ಲೆಕ್ಕ ಬರುತ್ತದೆ. ಒಂದೇ ಅಂಗಡಿಯಲ್ಲಿ ಇಬ್ಬರು ನೌಕರರಿಗೆ ಒಂದೇ ರಜೆ ಬೇರೆ ಬೇರೆ ದಿನ ಬರುತ್ತದಲ್ಲ. ಸಂಬಳದ ಚೀಟಿಯಲ್ಲಿ ಶನಿವಾರಕ್ಕೂ ಸೋಮವಾರಕ್ಕೂ ರಜೆಯ ದರ ಹಾಕಿದ್ದರೆ, ಅಥವಾ ಎರಡಕ್ಕೂ ಹಾಕದೆ ಇದ್ದರೆ, ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಕ್ರಿಸ್‌ಮಸ್ ಜೋಡಿಗೆ ಅವರು ಮಾಡಿಕೊಂಡ ಏರ್ಪಾಡು ನನಗೆ ಬಹಳ ಇಷ್ಟ. ಶನಿವಾರಕ್ಕೆ ಬಿದ್ದದ್ದು ಸೋಮವಾರಕ್ಕೆ ಹೋಗುತ್ತದೆ, ಭಾನುವಾರಕ್ಕೆ ಬಿದ್ದದ್ದು ಮಂಗಳವಾರಕ್ಕೆ. ಭಾನುವಾರದ್ದು ಸೋಮವಾರಕ್ಕೇಕೆ ಬೇಡ? 2022ರಲ್ಲಿ ಡಿಸೆಂಬರ್ 25 ಭಾನುವಾರ, 26 ಸೋಮವಾರ. ಸೋಮವಾರ ಆಗಲೇ ಬಾಕ್ಸಿಂಗ್ ಡೇಗೆ ಸೇರಿದ್ದು. ಅದನ್ನು ಮುಟ್ಟದೆ ಕ್ರಿಸ್‌ಮಸ್ ರಜೆ ಮಂಗಳವಾರಕ್ಕೆ ಹಾರಿತು. 2021ರಲ್ಲಿ ಎರಡೂ ವಾರಾಂತ್ಯಕ್ಕೇ ಬಿದ್ದಿದ್ದವು. ಒಂದು ಸೋಮವಾರಕ್ಕೆ, ಒಂದು ಮಂಗಳವಾರಕ್ಕೆ ಹೋಗಿ ಕುಳಿತವು. ಒಂದೇ ನಿಯಮ ಎರಡೂ ಸಂದರ್ಭಕ್ಕೆ ಸಾಕಾಯಿತು.

2022ರಲ್ಲಿ ಅವರು ಮಾತಾರಿಕಿ ಎಂಬ ಹನ್ನೆರಡನೆಯ ರಜೆ ಸೇರಿಸಿದರು. ಕೃತ್ತಿಕಾ ನಕ್ಷತ್ರಪುಂಜ ನಸುಕಿನಲ್ಲಿ ಮತ್ತೆ ಕಾಣಿಸಿಕೊಳ್ಳುವಾಗ ಬರುವ ಮಾವೊರಿ ಹೊಸ ವರ್ಷ ಅದು, ಚಾಂದ್ರಮಾನದ್ದು. ನಮ್ಮ ಯುಗಾದಿಯಂತೆ ಪ್ರತಿ ವರ್ಷ ತಾರೀಖು ಬದಲಾಗುತ್ತದೆ. ಆದರೆ ರಜೆ ಮಾತ್ರ ಯಾವಾಗಲೂ ಶುಕ್ರವಾರವೇ ಇರಬೇಕೆಂದು ಗೊತ್ತುಮಾಡಿ, 2052ರವರೆಗಿನ ತಾರೀಖುಗಳನ್ನು ಕಾಯ್ದೆಗೇ ಸೇರಿಸಿಬಿಟ್ಟರು. ಹಬ್ಬ ಚಂದ್ರನ ಲೆಕ್ಕದಲ್ಲಿ, ರಜೆ ವಾರದ ಲೆಕ್ಕದಲ್ಲಿ.

ಇಂಥ ಕಾಯ್ದೆಗಳನ್ನು ಓದುವಾಗ ಅವು ಹುಟ್ಟಿದ ಕಾಲದ ವಾರ ಅವುಗಳೊಳಗೆ ಹಾಗೇ ಉಳಿದಿರುವುದು ಕಾಣುತ್ತದೆ. ಇದಕ್ಕೆ ಜಪಾನ್ ಒಳ್ಳೆಯ ಉದಾಹರಣೆ. ಅಲ್ಲಿನ ರಾಷ್ಟ್ರೀಯ ರಜೆಗಳ ಕಾಯ್ದೆ 1948ರದು. 1973ರ ತಿದ್ದುಪಡಿ, ಭಾನುವಾರಕ್ಕೆ ಬಿದ್ದ ರಜೆಗೆ ಮರುದಿನ ರಜೆ ಎಂದಿತು. ಆ ವರ್ಷ ಏಪ್ರಿಲ್ 29ರ ಚಕ್ರವರ್ತಿಯ ಹುಟ್ಟುಹಬ್ಬ ಭಾನುವಾರ ಬಂದು, 30ರ ಸೋಮವಾರ ಮೊದಲ ಬದಲಿ ರಜೆಯಾಯಿತು. ಶನಿವಾರದ ಬಗ್ಗೆ ಕಾಯ್ದೆ ಮೌನ. 1973ರಲ್ಲಿ ಜಪಾನಿನಲ್ಲಿ ಶನಿವಾರ ಕೆಲಸದ ದಿನವಾಗಿತ್ತು, ಅಂದು ರಜೆ ಬಂದರೆ ಅದು ಲಾಭವೇ. ಆಮೇಲೆ ವಾರ ಬದಲಾಯಿತು. 1992ರ ಹೊತ್ತಿಗೆ ಸರ್ಕಾರಿ ಕಚೇರಿಗಳೆಲ್ಲ ಶನಿವಾರ ಮುಚ್ಚತೊಡಗಿದವು. ಕಾಯ್ದೆಯ ಆ ಸಾಲು ಬದಲಾಗಲಿಲ್ಲ. 2008ರ ಮೇ ತಿಂಗಳಲ್ಲಿ 3, 4, 5 ಮೂರೂ ರಜೆಗಳು ಶನಿ, ಭಾನು, ಸೋಮ ಸಾಲಾಗಿ ಬಂದವು. ಭಾನುವಾರದ್ದಕ್ಕೆ ಬದಲಿ ಬೇಕು, ಸೋಮವಾರ ಖಾಲಿಯಿಲ್ಲ, ಹಾಗಾಗಿ ಆಗತಾನೆ ಜಾರಿಗೆ ಬಂದಿದ್ದ ಇನ್ನೊಂದು ತಿದ್ದುಪಡಿಯಂತೆ ಮಂಗಳವಾರ 6ಕ್ಕೆ ಕೊಟ್ಟರು. ಶನಿವಾರದ್ದು ಮಾತ್ರ ಕಳೆದೇ ಹೋಯಿತು.

ಅಮೆರಿಕದಲ್ಲಿ ಇನ್ನೊಂದು ತಮಾಷೆ. ಕೇಂದ್ರ ಸರ್ಕಾರದ ನೌಕರರಿಗೆ ಭಾನುವಾರದ ರಜೆ ಸೋಮವಾರಕ್ಕೆ, ಶನಿವಾರದ ರಜೆ ಹಿಂದಿನ ಶುಕ್ರವಾರಕ್ಕೆ. 2026ರ ಜುಲೈ 4 ಶನಿವಾರ. ಸ್ವಾತಂತ್ರ್ಯದ 250ನೇ ವರ್ಷ ಅದು. ಸರ್ಕಾರಿ ಕಚೇರಿಗಳಿಗೆ ಶುಕ್ರವಾರ 3ಕ್ಕೇ ರಜೆ. ಆದರೆ ಫೆಡರಲ್ ರಿಸರ್ವ್ ಬ್ಯಾಂಕುಗಳ ನಿಯಮ ಬೇರೆ: ಶನಿವಾರದ ರಜೆಗಾಗಿ ಶುಕ್ರವಾರ ಮುಚ್ಚುವುದಿಲ್ಲ. ಖಾಸಗಿ ಕಂಪನಿಗಳಿಗೆ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನೇ ಅಲ್ಲಿಲ್ಲ. ನಮ್ಮವರು ಅಲ್ಲಿಂದ ಫೋನು ಮಾಡಿ ಲಾಂಗ್ ವೀಕೆಂಡ್ ಎಂದರೆ, ಅದು ದೇಶದ ಕಾನೂನಲ್ಲ, ಅವರ ಕಂಪನಿಯ ಕೃಪೆ.

ಇನ್ನು ಸರಿಸದವರ ಕಡೆಯ ವಾದ. ಜರ್ಮನಿಯಲ್ಲಿ ರಜೆಯ ದಿನದ ಸಂಬಳದ ಕಾನೂನು ಹೇಳುವುದಿಷ್ಟು: ರಜೆಯ ಕಾರಣದಿಂದ ತಪ್ಪಿಹೋದ ಕೆಲಸದ ಹೊತ್ತಿಗೆ ಸಂಬಳ ಕೊಡಬೇಕು. ಭಾನುವಾರ ಕೆಲಸವೇ ಇರಲಿಲ್ಲವಾದರೆ ತಪ್ಪಿಹೋದದ್ದೂ ಏನಿಲ್ಲ. ಕೊಡಬೇಕಾದ್ದೂ ಇಲ್ಲ. ವಾರ್ಷಿಕ ರಜೆ ಎಂಬ ಬೇರೆ ಲೆಕ್ಕ ಇದ್ದೇ ಇದೆ, ನೌಕರನ ವಿಶ್ರಾಂತಿಯನ್ನು ಅದು ನೋಡಿಕೊಳ್ಳುತ್ತದೆ ಎಂಬುದು ಅಲ್ಲಿನ ತರ್ಕ. ಮೇಲಾಗಿ, ಏಕೀಕರಣದ ಅಕ್ಟೋಬರ್ 3 ಒಂದನ್ನು ಬಿಟ್ಟರೆ ರಜೆಗಳನ್ನು ಗೊತ್ತುಮಾಡುವುದು 16 ರಾಜ್ಯಗಳ ಕೆಲಸ. ಬದಲಾಯಿಸಬೇಕೆಂದರೆ 16 ಶಾಸನಸಭೆಗಳನ್ನು ಒಪ್ಪಿಸಬೇಕು. ಈಸ್ಟರ್ ಸೋಮವಾರ, ಕ್ರಿಸ್ತನ ಸ್ವರ್ಗಾರೋಹಣದ ಗುರುವಾರದಂಥ ಹಲವು ಹಬ್ಬಗಳು ಹೇಗೂ ವಾರದ ದಿನವೇ ಬರುವುದರಿಂದ ನೋವು ಪೂರ್ತಿ ಆಗುವುದಿಲ್ಲ. ಆದರೂ 2021 ಮತ್ತು 2022ರಲ್ಲಿ ಮೇ 1, ಡಿಸೆಂಬರ್ 25 ಎರಡೂ ಎರಡು ವರ್ಷವೂ ವಾರಾಂತ್ಯಕ್ಕೇ ಬಿದ್ದವು.

ಬೆಲ್ಜಿಯಂ 1974ರ ಕಾನೂನಿನಲ್ಲಿ ಇದರ ತದ್ವಿರುದ್ಧ ದಾರಿ ಹಿಡಿಯಿತು. ನೌಕರನಿಗೆ ವರ್ಷಕ್ಕೆ 10 ಸಂಬಳದ ರಜೆ ಎಂದು ಎಣಿಸಿಟ್ಟಿತು. ಭಾನುವಾರಕ್ಕೋ ಅಥವಾ ಆ ಕಂಪನಿ ಕೆಲಸ ಮಾಡದ ಬೇರೆ ದಿನಕ್ಕೋ ಒಂದು ಬಿದ್ದರೆ ಬದಲಿ ದಿನ ಕೊಡಲೇಬೇಕು. ಯಾವ ದಿನ ಎಂಬುದನ್ನು ಆಯಾ ಕಾರ್ಖಾನೆ, ಕಚೇರಿಯವರೇ ಮಾತಾಡಿಕೊಂಡು, ಹಿಂದಿನ ವರ್ಷದ ಡಿಸೆಂಬರ್ 15ರೊಳಗೆ ಫಲಕದಲ್ಲಿ ಹಾಕಬೇಕು. ಏನೂ ತೀರ್ಮಾನವಾಗದಿದ್ದರೆ ಮುಂದಿನ ಕೆಲಸದ ದಿನವೇ ಬದಲಿ. ದೇಶಕ್ಕೆಲ್ಲ ಒಂದೇ ಸೋಮವಾರ ಎಂಬ ಗದ್ದಲವಿಲ್ಲದೆ ಬಾಕಿ ತೀರುತ್ತದೆ.

ಭಾರತಕ್ಕೆ ಬಂದರೆ ನಿಯಮ ಅಸ್ಪಷ್ಟವೇನಲ್ಲ. ಕೇಂದ್ರ ಸರ್ಕಾರ ಪ್ರತಿ ವರ್ಷ ಹೊರಡಿಸುವ ರಜಾ ಸುತ್ತೋಲೆಯಲ್ಲೇ ಇದರ ಮಾತಿದೆ: ಹಬ್ಬದ ರಜೆ ವಾರದ ರಜೆಗೆ ಬಂದು ಬಿದ್ದರೆ, ಅಥವಾ ಎರಡು ಹಬ್ಬ ಒಂದೇ ದಿನ ಬಂದರೆ, ಬದಲಿ ರಜೆ ಇಲ್ಲ. ಕರ್ನಾಟಕ ಸರ್ಕಾರದ ಅಧಿಸೂಚನೆ ಇನ್ನೂ ನೇರ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಬರುವ ಹಬ್ಬಗಳನ್ನು ಪಟ್ಟಿಗೇ ಸೇರಿಸುವುದಿಲ್ಲ, ಕೆಳಗೆ ಟಿಪ್ಪಣಿಯಲ್ಲಿ ಹೆಸರಿಸಿ ಬಿಡುತ್ತದೆ. 2025ರಲ್ಲಿ ಗಣರಾಜ್ಯೋತ್ಸವ ಭಾನುವಾರ, ಯುಗಾದಿಯೂ ಭಾನುವಾರ. ಇವುಗಳಲ್ಲಿ ಕಚೇರಿಗೆ ಒಂದಕ್ಕೂ ಬೀಗ ಬಿದ್ದದ್ದು ಹಬ್ಬದ ಕಾರಣದಿಂದಲ್ಲ.

ಖಾಸಗಿ ವಲಯಕ್ಕೆ ನಮ್ಮಲ್ಲಿ 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ. ಇವಲ್ಲದೆ ಇನ್ನೈದು ಹಬ್ಬಗಳು. ರಜೆಯ ದಿನ ಕೆಲಸಕ್ಕೆ ಕರೆದರೆ ಎರಡು ಪಟ್ಟು ಕೂಲಿ, ಇಲ್ಲವೇ ಕೂಲಿಯೊಂದಿಗೆ ಬೇರೆ ದಿನ ರಜೆ ಕೊಡಬೇಕು. ಅಂದರೆ ಬದಲಿ ರಜೆಯ ಕಲ್ಪನೆ ನಮ್ಮ ಕಾನೂನಿಗೆ ಹೊಸದಲ್ಲ. ದುಡಿಸಿಕೊಂಡರೆ ಬದಲಿ ಉಂಟು, ತಾರೀಖು ಭಾನುವಾರ ಬಂದರೆ ಇಲ್ಲ, ಅಷ್ಟೆ. ಐದು ದಿನದ ವಾರವಿರುವ ಕಂಪನಿಗಳು ಆ ಐದು ಹಬ್ಬಗಳನ್ನು ವಾರದ ದಿನಕ್ಕೆ ಬರುವಂತೆ ಆರಿಸಿಕೊಂಡು ನೌಕರರ ಮುಖ ಉಳಿಸುತ್ತವೆ. ಖಾಯಂ ಐದಕ್ಕೆ ಆ ದಾರಿಯೂ ಇಲ್ಲ. 2026ರ ಕನ್ನಡ ರಾಜ್ಯೋತ್ಸವ ಭಾನುವಾರ.

ನಮ್ಮಲ್ಲಿ ಬದಲಿ ರಜೆಯ ಬೇಡಿಕೆ ಯಾಕೆ ಜೋರಾಗಿ ಏಳಲಿಲ್ಲ ಎಂದರೆ, ನನಗೆ ಕಾಣುವ ಕಾರಣ ನಮ್ಮ ಪಟ್ಟಿಯ ಉದ್ದ ಮತ್ತು ಅದರ ಸ್ವಭಾವ. ನಮ್ಮ ಹೆಚ್ಚಿನ ಹಬ್ಬಗಳು ತಿಥಿಯನ್ನೋ ಚಂದ್ರದರ್ಶನವನ್ನೋ ಹಿಡಿದು ವರ್ಷವರ್ಷವೂ ಓಡಾಡುತ್ತವೆ. ಒಂದು ವರ್ಷ ಕಳೆದದ್ದು ಮುಂದಿನ ವರ್ಷ ಸಿಗುತ್ತದೆ. ಎಲ್ಲರಿಗೂ ಒಂದೇ ವಾರಾಂತ್ಯವೂ ಇಲ್ಲ. ಆಗಸ್ಟ್ 15ರ ಉದಾಹರಣೆಯಲ್ಲಿ ನೋಡಿದಂತೆ, ಸೋಮವಾರ ಕೊಡಿ ಎಂದು ಕೇಂದ್ರದ ನೌಕರ ಕೇಳಿದರೆ ರಾಜ್ಯದ ನೌಕರನಿಗೆ ಅದರಲ್ಲಿ ಪಾಲಿಲ್ಲ. ಜೊತೆಗೆ ಸರ್ಕಾರಿ ನೌಕರನಿಗೆ ಸಾಂದರ್ಭಿಕ ರಜೆ, ಪರಿಮಿತ ರಜೆ ಎಂಬ ಬೇರೆ ಕಿಸೆಗಳಿವೆ.

ಆ ಕಿಸೆಗಳೂ ಒಂದೇ ಲೆಕ್ಕಕ್ಕೆ ಸೇರಿದ್ದು ಎಂಬುದನ್ನು ಕರ್ನಾಟಕ ಸರ್ಕಾರವೇ ಒಮ್ಮೆ ತೋರಿಸಿಕೊಟ್ಟಿದೆ. 2019ರಲ್ಲಿ ನಾಲ್ಕನೇ ಶನಿವಾರವನ್ನು ರಜೆ ಮಾಡಿದಾಗ, ಅದೇ ಆದೇಶದೊಂದಿಗೆ ನೌಕರರ ಸಾಂದರ್ಭಿಕ ರಜೆಯನ್ನು ವರ್ಷಕ್ಕೆ 15ರಿಂದ 10ಕ್ಕೆ ಇಳಿಸಿತು. ಆ ಶನಿವಾರಗಳು ಬಂದಮೇಲೆ ನಾಲ್ಕನೇ ಶನಿವಾರಕ್ಕೆ ಬಿದ್ದ ಹಬ್ಬಗಳೂ ಪಟ್ಟಿಯಿಂದ ಹೊರಗೆ ಹೋದವು. ಈಗ ಬ್ಯಾಂಕ್ ನೌಕರರ ಸಂಘಗಳು ಎಲ್ಲ ಶನಿವಾರವೂ ರಜೆ ಬೇಕೆಂದು ಕೇಳುತ್ತಿವೆ. ಅದು ಸಿಕ್ಕ ಮೇಲೆ ಶನಿವಾರಕ್ಕೆ ಬೀಳುವ ಪ್ರತಿ ಹಬ್ಬವೂ ಕೇಂದ್ರೀಯ ಸದನದವರಿಗೆ ಆದಂತೆಯೇ ಬ್ಯಾಂಕಿನವರಿಗೂ ಆಗುತ್ತದೆ. ಬದಲಿ ಸೋಮವಾರದ ಪ್ರಶ್ನೆಯನ್ನೂ ಅದೇ ಮಾತುಕತೆಯಲ್ಲಿ ಎತ್ತುವುದು ಜಾಣತನ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಎತ್ತಿದರೆ, ಅದಕ್ಕೆ ಯಾವ ಕಿಸೆಯಿಂದ ಎಷ್ಟು ದಿನ ಕಳೆಯೋಣ ಎಂಬ ಮರುಪ್ರಶ್ನೆ ಎದುರಿನಿಂದ ಬರುತ್ತದೆ.